ತೂಕ ಇಳಿದದ್ದು ಯಾಕೆ ಅಂತ ಮೊದಲು ನೋಡಿ

"ವಯಸ್ಸಾದವರು ಸ್ವಲ್ಪ ದಪ್ಪ ಇದ್ದರೇ ಜಾಸ್ತಿ ದಿನ ಬದುಕ್ತಾರೆ ಅಂತಾರಲ್ಲ, ನಿಜಾನಾ?"

ಅರ್ಧ ನಿಜ. 2013ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥರೀನ್ ಫ್ಲೆಗಲ್ ತಂಡ ಹಳೆಯ ಅಧ್ಯಯನಗಳನ್ನು ಒಟ್ಟು ಹಾಕಿದಾಗ, ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ 25ರಿಂದ 30ರೊಳಗೆ ಇದ್ದವರಲ್ಲಿ, 25ಕ್ಕಿಂತ ಕೆಳಗಿನ "ನಾರ್ಮಲ್" ತೂಕದವರಿಗಿಂತ ಸಾವು ಸುಮಾರು 6% ಕಡಿಮೆ ಕಂಡಿತ್ತು. ಆದರೆ ಆ "ನಾರ್ಮಲ್" ಗುಂಪಿನಲ್ಲಿ ಯಾರ್ಯಾರು ಇರುತ್ತಾರೆ ಅಂತಲೂ ನೋಡಬೇಕು ಅಲ್ವಾ?

ನಮ್ಮ ಮಾವನವರ ಎತ್ತರ 165 ಸೆಂ.ಮೀ., ತೂಕ 72 ಕೆಜಿ ಇತ್ತು. ಬಿಎಂಐ 26 ಚಿಲ್ಲರೆ. ಒಂದು ವರ್ಷದಲ್ಲಿ 60ಕ್ಕೆ ಬಂದರು, ಬೆಲ್ಟಿಗೆ ಮೊಳೆ ಕಾಯಿಸಿ ಎರಡು ತೂತು ಹೊಸದಾಗಿ ಮಾಡಿಕೊಂಡಿದ್ದರು, ಬೀದಿಯವರೆಲ್ಲ ಸ್ಲಿಮ್ ಆಗಿದ್ದೀರಿ ಅಂತ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಗೊತ್ತಾಗಿದ್ದು ಕಿಡ್ನಿ ಕಾಯಿಲೆ. ಅಂದರೆ ಕಾಯಿಲೆಯೇ ಅವರನ್ನು ಬಿಎಂಐ 22ಕ್ಕೆ, ನಾರ್ಮಲ್ ಗುಂಪಿಗೆ ತಳ್ಳಿತ್ತು! ಇಂಥವರು, ಜೊತೆಗೆ ಸಣ್ಣಗಿರುವ ಬೀಡಿ-ಸಿಗರೇಟಿನವರು ಸೇರಿದರೆ ಆ ಗುಂಪಿನ ಲೆಕ್ಕ ಕೆಡುತ್ತದೆ. 2016ರ ಒಂದು ದೊಡ್ಡ ಅಧ್ಯಯನ ಧೂಮಪಾನಿಗಳನ್ನು, ಮೊದಲೇ ಕಾಯಿಲೆ ಇದ್ದವರನ್ನು, ಮೊದಲ 5 ವರ್ಷದ ಸಾವುಗಳನ್ನು ಬಿಟ್ಟು ಲೆಕ್ಕ ಹಾಕಿತು. ಆಗ ಎಲ್ಲಕ್ಕಿಂತ ಕಡಿಮೆ ಸಾವು ಬಿಎಂಐ 20ರಿಂದ 25ರೊಳಗೇ ಕಂಡಿತು.

ಹಾಗಂತ ಮೈಯಲ್ಲಿರುವ ತೂಕ ಕಷ್ಟಕಾಲಕ್ಕೆ ದಾಸ್ತಾನು ಅನ್ನೋದು ಸುಳ್ಳಲ್ಲ. ದೊಡ್ಡ ಕಾಯಿಲೆಯಲ್ಲಿ ಊಟ ಸೇರದಿದ್ದಾಗ ದೇಹ ತನ್ನನ್ನೇ ಕರಗಿಸಿಕೊಳ್ಳುತ್ತದೆ. ಡಯಾಲಿಸಿಸ್‌ನವರಲ್ಲಿ ತೂಕ ಇದ್ದವರು ಜಾಸ್ತಿ ಬದುಕುವುದು ಮತ್ತೆ ಮತ್ತೆ ಕಂಡಿದೆ. ಆದರೆ ಹೊಟ್ಟೆಯ ಬೊಜ್ಜಿಗಿಂತ ತೊಡೆಯ ಸ್ನಾಯು ಮುಖ್ಯ, ಬಿಎಂಐ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. 70 ದಾಟಿದವರನ್ನು ಸುಮ್ನೆ ಪಥ್ಯಕ್ಕೆ ಕೂರಿಸಬೇಡಿ. ಪ್ರಯತ್ನಪಡದೆ ಆರು ತಿಂಗಳಲ್ಲಿ 60 ಕೆಜಿಗೆ 3 ಕೆಜಿ ಇಳಿದರೂ ಡಾಕ್ಟರಿಗೆ ತೋರಿಸಿ.