ಮಾಲು ಹೊರಟಿದ್ದರೆ ಲಾರಿ ನಂಬರ್ ಎಲ್ಲಿ ಸ್ವಾಮಿ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ನನ್ನದು. ಡೆನಿಮ್ ಬಟ್ಟೆ ಬರುವುದು ಅಹಮದಾಬಾದಿನ ಮಿಲ್ಲಿನಿಂದ, ನಡುವೆ ಬೆಂಗಳೂರಿನ ಒಬ್ಬ ಏಜೆಂಟ್. 2,400 ಮೀಟರ್ ಹೇಳಿದ್ದೆ, ಅರ್ಧ ಬಂತು, ಇನ್ನರ್ಧಕ್ಕೆ "ಲಾರಿ ದಾರಿಯಲ್ಲಿದೆ ಸಾರ್" ಅನ್ನುವ ಒಂದೇ ರಾಗ. ಕೊಟ್ಟ ತಾರೀಕು ಯಾವತ್ತೋ ಹೋಯಿತು.

ದಾರಿಯಲ್ಲಿದೆಯೋ ಇಲ್ಲವೋ ಗೊತ್ತಾಗಲ್ವಾ ನಮಗೆ? ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲನ್ನು ನಮ್ಮ ಜಿಎಸ್‌ಟಿ ನಂಬರಿಗೆ ಯಾರೇ ಮಾಡಿದರೂ ನಮ್ಮ ಪೋರ್ಟಲ್‌ನಲ್ಲಿ ಕಾಣುತ್ತದೆ. ತೆಗೆದು ನೋಡಿದೆ. ಬಿಲ್ಲಿನ ಎ ಭಾಗ ಭರ್ತಿಯಾಗಿದೆ, ಲಾರಿ ನಂಬರ್ ಇರಬೇಕಾದ ಬಿ ಭಾಗ ಖಾಲಿ. ಬಿ ಭಾಗ ತುಂಬದೆ ಲಾರಿ ಗುಜರಾತ್ ದಾಟುವ ಹಾಗೇ ಇಲ್ಲ. ಟ್ರಾನ್ಸ್‌ಪೋರ್ಟ್ ಗೋಡೌನ್‌ವರೆಗೆ ಮಾತ್ರ, ಅದೂ ಅದೇ ರಾಜ್ಯದೊಳಗೆ 50 ಕಿ.ಮೀ. ಒಳಗಿದ್ದರೆ, ಅದಿಲ್ಲದೆ ಸಾಗಿಸಬಹುದು. ಸರಿ, ಗೋಡೌನ್‌ನಲ್ಲೇ ಇದೆ ಅಂದುಕೊಳ್ಳೋಣ, ಹಾಗಾದರೆ ಮಾಲು ತಗೊಂಡಿದ್ದಕ್ಕೆ ಟ್ರಾನ್ಸ್‌ಪೋರ್ಟಿನವರು ಕೊಟ್ಟ ರಸೀದಿ, ಎಲ್‌ಆರ್, ಇರಬೇಕಲ್ಲ? ಅದರ ಫೋಟೋ ಕೇಳಿದರೆ ಫೋನೇ ಎತ್ತುವುದಿಲ್ಲ.

"ಅಷ್ಟು ಅರ್ಜೆಂಟಿದ್ದರೆ ಲೋಕಲ್‌ನಲ್ಲಿ ತಗೊಳ್ಳಿ" ಅಂತ ಉಪದೇಶ ಬೇರೆ. ಬಟ್ಟೆ ವ್ಯಾಪಾರ ಮಾಡುವವರ ಬಾಯಲ್ಲಿ ಇಂಥ ಮಾತು! ಡೆನಿಮ್‌ನಲ್ಲಿ ಲಾಟ್, ಅಂದರೆ ಒಂದೇ ಸಲ ತಯಾರಾದ ಬಟ್ಟೆ, ಬದಲಾದರೆ ನೀಲಿ ಬದಲಾಗುತ್ತದೆ. ರೋಲ್ ನೋಡಿದಾಗ ಒಂದೇ ಥರ ಕಂಡರೂ ವಾಷಿಂಗ್‌ನಿಂದ ಬಂದ ಮೇಲೆ ಒಂದು ಪ್ಯಾಂಟ್ ಬೂದಿ, ಇನ್ನೊಂದು ಕಡುನೀಲಿ. ಕುಗ್ಗುವ ಪ್ರಮಾಣವೂ ಬೇರೆಯಾದರೆ 32ರ ಸೊಂಟ 31 ಆಗಿ ಕೂರುತ್ತದೆ. ಅಂಗಡಿಯವರು ಆ ಮಾಲು ಇಟ್ಟುಕೊಳ್ಳುತ್ತಾರಾ? ಬರಬೇಕಾದ 1,200 ಮೀಟರ್ ಅಂದರೆ ಹೆಚ್ಚುಕಮ್ಮಿ ಸಾವಿರ ಪ್ಯಾಂಟು. ಟೈಲರ್‌ಗಳಿಗೆ ಪೀಸ್ ಲೆಕ್ಕದ ಕೂಲಿ. ಕೆಲಸ ಇಲ್ಲ ಅಂದರೆ ಪಕ್ಕದ ಬೀದಿಯ ಘಟಕಕ್ಕೆ ಹೋಗುತ್ತಾರೆ, ಹಬ್ಬದ ಮುಂದೆ ಅವರನ್ನು ವಾಪಸ್ ಕರೆಯುವುದು ಸುಮ್ನೆ ಮಾತಲ್ಲ.

ಫೋನಲ್ಲಿ ಕೂಗಾಡಿ ಸಾಕಾಗಿ ಇವತ್ತು ಬರೆದೇ ಕಳಿಸಿದೆ, ಮಿಲ್ಲಿನ ಡಿಸ್ಪ್ಯಾಚ್‌ನವರಿಗೂ ಒಂದು ಪ್ರತಿ:

"ಸಾರ್, ನಮ್ಮ ಆರ್ಡರಿನ ಬಾಕಿ 1,200 ಮೀಟರ್ ಇನ್ನೂ ಬಂದಿಲ್ಲ. ಇ-ವೇ ಬಿಲ್‌ನಲ್ಲಿ ಲಾರಿ ನಂಬರ್ ಇಲ್ಲ, ಅಂದರೆ ಮಾಲು ಹೊರಟಿಲ್ಲ. ಮಿಲ್ಲಿನಿಂದ ಯಾವ ತಾರೀಕು ಹೊರಡುತ್ತದೆ, ಬಳ್ಳಾರಿಗೆ ಯಾವ ತಾರೀಕು ತಲುಪುತ್ತದೆ, ಎರಡನ್ನೂ ನಾಳೆ ಸಂಜೆ 5ರೊಳಗೆ ಬರೆದು ತಿಳಿಸಿ. ಹೊರಟ ದಿನವೇ ಎಲ್‌ಆರ್ ಪ್ರತಿ ಬೇಕು. ಮೊದಲು ಬಂದ ಲಾಟಿನದೇ ಬಟ್ಟೆ ಆಗಬೇಕು. ಆ ಲಾಟ್ ಮುಗಿದಿದ್ದರೆ ಈಗಲೇ ಹೇಳಿ, ಬಾಕಿ ಆರ್ಡರ್ ರದ್ದು ಮಾಡಿ ಅದರ ಅಡ್ವಾನ್ಸ್ ವಾಪಸ್ ಕೊಡಿ."

ನನಗಿರುವ ಅನುಮಾನವೂ ಅದೇ. ನಮ್ಮ ಲಾಟನ್ನು ಜಾಸ್ತಿ ಮೀಟರ್ ತಗೊಳ್ಳುವ ಯಾವನೋ ದೊಡ್ಡ ಪಾರ್ಟಿಗೆ ಕೊಟ್ಟು, ಅದನ್ನು ಹೇಳಲು ಬಾಯಿಲ್ಲದೆ ಬರೀ ಮಾತಲ್ಲೇ ಲಾರಿ ಓಡಿಸುತ್ತಿದ್ದಾರೆ.

ಅದಕ್ಕೆ ಏಜೆಂಟ್ ಸಾಹೇಬರ ಉತ್ತರ ಈಗಷ್ಟೇ ಬಂತು: ಒಂದು ಹೆಬ್ಬೆಟ್ಟಿನ ಚಿತ್ರ. ಅದು ಯಾವ ತಿಂಗಳ ಎಷ್ಟನೇ ತಾರೀಕು ಮಾರಾಯಾ?