ಮೊಣಕಾಲಿನ ನೋವು, ಸೊಂಟದ ಕೀಲಿನ ಕಾರಣ

ಫಿಸಿಯೋಥೆರಪಿಸ್ಟ್ ಆಗಿ ನಾನು ಕಂಡ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. 58 ವರ್ಷದ ಮಹಿಳೆಯೊಬ್ಬರಿಗೆ ಬಲ ಮೊಣಕಾಲಿನ ಮುಂಭಾಗದಲ್ಲಿ ತಿಂಗಳುಗಟ್ಟಲೆ ನೋವಿತ್ತು. ಎಂ.ಆರ್.ಐ. ಮಾಡಿಸಿದಾಗ ಒಳಬದಿಯ ಮೆನಿಸ್ಕಸ್, ಅಂದರೆ ತೊಡೆ ಮೂಳೆಗೂ ಕಣಕಾಲ ಮೂಳೆಗೂ ನಡುವೆ ಇರುವ ಮೆತ್ತೆಯಂಥ ಮೃದ್ವಸ್ಥಿ, ಹರಿದಿದೆ ಎಂದು ರಿಪೋರ್ಟ್ ಬಂತು. ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಹರಿದ ಭಾಗವನ್ನು ಕತ್ತರಿಸಿ ತೆಗೆದರು. ನೋವು ಕಡಿಮೆಯಾಗಲಿಲ್ಲ. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರೆ ಹೊಸದೇನೂ ಇಲ್ಲ, ಎಲ್ಲ ಸರಿಯಿದೆ ಎಂದು ಬಂತು. ಆಮೇಲೆ ಮನೆಯವರೂ ಅವರ ನೋವನ್ನು ಅನುಮಾನದಿಂದ ನೋಡತೊಡಗಿದರು.

ಅವರನ್ನು ಮಲಗಿಸಿ ಪರೀಕ್ಷಿಸಿದಾಗ ಮೊಣಕಾಲಿನಲ್ಲಿ ಊತವಿರಲಿಲ್ಲ, ಕೀಲಿನ ಒಳಬದಿಯ ಗೆರೆಯನ್ನು ಒತ್ತಿದರೆ ನೋಯುತ್ತಿರಲಿಲ್ಲ, ಕಾಲು ಪೂರ್ತಿ ಮಡಚುತ್ತಿತ್ತು. ಆದರೆ ಮಂಡಿಯನ್ನು ಮೇಲೆತ್ತಿ ಮಡಚಿ, ಪಾದವನ್ನು ಹೊರಗಡೆಗೆ ಸರಿಸುತ್ತ ಸೊಂಟದ ಕೀಲನ್ನು ಒಳಮುಖವಾಗಿ ತಿರುಗಿಸಿದ ಕೂಡಲೇ ಅದೇ ಮೊಣಕಾಲಿನ ನೋವು ಎದ್ದಿತು. ಎಡಗಡೆ ಸಲೀಸಾಗಿ ತಿರುಗುತ್ತಿದ್ದ ಕೀಲು ಬಲಗಡೆ ಅರ್ಧಕ್ಕೇ ನಿಂತಿತು. ಕೇಳಿದಾಗ, ಚಕ್ಕಳಮಕ್ಕಳ ಹಾಕಿ ಕೂರಲು ಮತ್ತು ಆ ಕಾಲಿನ ಉಗುರು ಕತ್ತರಿಸಲು ಬಹಳ ದಿನಗಳಿಂದ ಆಗುತ್ತಿಲ್ಲವೆಂದರು. ಮೂಳೆ ವೈದ್ಯರು ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿದಾಗ ಸವಕಳಿ ಸ್ಪಷ್ಟವಾಗಿ ಕಂಡಿತು. ಸೊಂಟದ ಕೀಲಿಗೂ ಮೊಣಕಾಲಿಗೂ ಹೋಗುವ ನರಗಳಲ್ಲಿ ಕೆಲವು ಒಂದೇ ಆಗಿರುವುದರಿಂದ, ಮೇಲಿನ ಕೀಲಿನ ನೋವು ಕೆಳಗೆ ಮಾತ್ರ ಅನುಭವಕ್ಕೆ ಬರುವುದುಂಟು. ಹಾಗಿದ್ದಾಗ ಮೊಣಕಾಲಿನ ಸ್ಕ್ಯಾನ್ ಎಷ್ಟೇ ನಿಖರವಾಗಿದ್ದರೂ ಆ ನೋವಿನ ಮೂಲವನ್ನು ತೋರಿಸಲಾರದು.

ಹಾಗಾದರೆ ಮೊದಲ ರಿಪೋರ್ಟ್ ಸುಳ್ಳೇ? ಅಲ್ಲ, ಮೆನಿಸ್ಕಸ್ ನಿಜವಾಗಿಯೂ ಹರಿದಿತ್ತು. ಆದರೆ ಆ ವಯಸ್ಸಿನಲ್ಲಿ ಮೆನಿಸ್ಕಸ್ ಹಾಗೆ ಹರಿದಿರುವುದು ನೋವಿಲ್ಲದವರಲ್ಲೂ ಸಾಮಾನ್ಯ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ ಸುಮಾರು ಸಾವಿರ ಜನರಿಗೆ, ನೋವು ಇರಲಿ ಬಿಡಲಿ, ಮೊಣಕಾಲಿನ ಎಂ.ಆರ್.ಐ. ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರ ಪೈಕಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲಿಲ್ಲ. 2013ರಲ್ಲಿ ಫಿನ್ಲೆಂಡಿನ ವೈದ್ಯರು, ಸವೆದು ಹರಿದ ಮೆನಿಸ್ಕಸ್‌ನ ರೋಗಿಗಳಲ್ಲಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆಯನ್ನೂ ಉಳಿದವರಿಗೆ ಚರ್ಮ ಕೊಯ್ದು ಮೆನಿಸ್ಕಸ್ ಮುಟ್ಟದ ನಕಲಿ ಶಸ್ತ್ರಚಿಕಿತ್ಸೆಯನ್ನೂ ಮಾಡಿ ಹೋಲಿಸಿದರು. ವರ್ಷದ ನಂತರ ಎರಡೂ ಗುಂಪುಗಳ ಸುಧಾರಣೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಟದಲ್ಲಿ ಕಾಲು ತಿರುಚಿ, ಮಂಡಿ ನೆಟ್ಟಗಾಗದೆ ಸಿಕ್ಕಿಕೊಂಡ ಯುವಕನ ಮೆನಿಸ್ಕಸ್ ಹರಿದಿದ್ದರೆ ಆ ಮಾತು ಬೇರೆ. ಅಲ್ಲಿ ಶಸ್ತ್ರಚಿಕಿತ್ಸೆ ಅಗತ್ಯವಾಗಬಹುದು.

ಬೆನ್ನಿನ ವಿಷಯದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಬೆನ್ನಿನ ಮೂಳೆಗಳಾದ ಕಶೇರುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿರುವುದು 20ರ ವಯಸ್ಸಿನಲ್ಲೇ ಶೇ. 30 ಮಂದಿಯಲ್ಲಿ ಕಾಣುತ್ತದೆ, 80ರ ವಯಸ್ಸಿಗೆ ಶೇ. 84ಕ್ಕೆ ಏರುತ್ತದೆ. ಆದ್ದರಿಂದ 'ಡಿಸ್ಕ್ ಬಲ್ಜ್' ಎಂಬ ಸಾಲನ್ನು ಓದಿದ ಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ. ಅದು ರೋಗಿಯ ನೋವಿಗೆ ಹೊಂದಬೇಕು. ಕೆಳಬೆನ್ನಿನ ನಾಲ್ಕು ಮತ್ತು ಐದನೆಯ ಕಶೇರುಗಳ ನಡುವಿನ ಡಿಸ್ಕ್ ಬಲಗಡೆಯ ಐದನೆಯ ನರವನ್ನು ಒತ್ತುತ್ತಿದ್ದರೆ, ನೋವು ಬಲಗಾಲಿನ ಹೊರಬದಿಯಲ್ಲಿ ಇಳಿದು ಪಾದದ ಮೇಲ್ಭಾಗಕ್ಕೆ ಹೋಗಬೇಕು, ಹೆಬ್ಬೆರಳನ್ನು ಮೇಲೆತ್ತುವ ಬಲ ಕುಂದಿರಬಹುದು. ನೋವು ಎಡಗಾಲಿನಲ್ಲಿದ್ದರೆ ಆ ಸಾಲಿಗೂ ಈ ನೋವಿಗೂ ಸಂಬಂಧ ಕಲ್ಪಿಸುವುದು ಕಷ್ಟ.

ಸ್ಕ್ಯಾನ್ ನಾರ್ಮಲ್ ಬಂದು, ಪರೀಕ್ಷೆಯಲ್ಲೂ ಬೇರೆ ಮೂಲ ಸಿಗದೆ, ನೋವು ಮಾತ್ರ ಉಳಿಯುವುದೂ ಉಂಟು. ಚಿತ್ರದಲ್ಲಿ ಮೂಳೆ, ಡಿಸ್ಕ್, ನೀರು ಕಾಣುತ್ತವೆ. ನರವ್ಯೂಹ ಎಷ್ಟು ಸೂಕ್ಷ್ಮಗೊಂಡಿದೆ ಎಂಬುದು ಕಾಣುವುದಿಲ್ಲ. ಬಹುಕಾಲದ ನೋವಿನಲ್ಲಿ, ಮೊದಲು ನೋಯಿಸದಿದ್ದ ಸ್ಪರ್ಶವೂ ಚಲನೆಯೂ ನೋವು ಕೊಡತೊಡಗಬಹುದು. ಅದು ನಿಜವಾದ ನೋವೇ, ನಟನೆಯಲ್ಲ. ನಿದ್ರೆಯನ್ನು ಸರಿಪಡಿಸಿಕೊಂಡು, ನಡಿಗೆ ಮತ್ತು ವ್ಯಾಯಾಮವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುವುದು ಅಲ್ಲಿ ಮುಖ್ಯ ಚಿಕಿತ್ಸೆ.

ಇದನ್ನು ಓದಿ ಯಾರೂ ಅಗತ್ಯವಾದ ಸ್ಕ್ಯಾನ್ ಬಿಡಬಾರದು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಗುದದ್ವಾರದ ಸುತ್ತ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದು ಪೆಟ್ಟಾದುದು ಇವುಗಳ ಜೊತೆಗಿನ ಬೆನ್ನುನೋವಿಗೂ ತಡಮಾಡಬಾರದು.

ಬೆನ್ನಿನ ರಿಪೋರ್ಟ್‌ನಲ್ಲೇ 'ಈ ವಯಸ್ಸಿನಲ್ಲಿ ನೋವಿಲ್ಲದವರಲ್ಲೂ ಇದು ಸಾಮಾನ್ಯ' ಎಂಬ ವಿವರ ಸೇರಿಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಹಾಗೆ ಸೇರಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಬೆನ್ನಿಗೆ ಸಂಬಂಧಿಸಿದ ಒಟ್ಟು ಚಿಕಿತ್ಸೆಯ ಪ್ರಮಾಣ ಅದರಿಂದ ಇಳಿಯಲಿಲ್ಲ. ಇದು ನನಗೆ ಅಚ್ಚರಿ ತರಲಿಲ್ಲ, ಏಕೆಂದರೆ ಆ ಮಹಿಳೆಯ ರಿಪೋರ್ಟ್‌ನಲ್ಲಿ ಅಂಥ ಸಾಲು ಇದ್ದಿದ್ದರೂ ಸೊಂಟದ ಕೀಲನ್ನು ಯಾರಾದರೂ ಕೈಯಿಂದ ತಿರುಗಿಸಿ ನೋಡಲೇಬೇಕಿತ್ತು, ಮತ್ತು ಆ ಪರೀಕ್ಷೆಗೆ ಎರಡು ನಿಮಿಷವೂ ಬೇಡ.