ಮಾಡದ ಕೊಲೆಯನ್ನು ಯಾರಾದರೂ ಒಪ್ಪಿಕೊಳ್ಳುತ್ತಾರಾ?

ಹೊಡೆಯದೆ, ಬಡಿಯದೆ, ಬರೀ ಮಾತಿನಿಂದ ಮಾಡದ ಕೊಲೆಯನ್ನು ಒಪ್ಪಿಸಬಹುದು. ಫೊರೆನ್ಸಿಕ್ ಸೈಕಾಲಜಿ, ಅಂದರೆ ಅಪರಾಧ ಮತ್ತು ನ್ಯಾಯಕ್ಕೆ ಸಂಬಂಧಿಸಿದ ಮನಶ್ಶಾಸ್ತ್ರ ಓದುವವರು ಸಿದ್ಧಾಂತಕ್ಕೂ ಮೊದಲು ಅಮೆರಿಕದ ಮಾರ್ಟಿ ಟ್ಯಾಂಕ್ಲೆಫ್ ಪ್ರಕರಣವನ್ನು ಓದಲಿ ಅನ್ನುತ್ತೇನೆ.

1988ರ ಸೆಪ್ಟೆಂಬರ್ 7, ನ್ಯೂಯಾರ್ಕ್‌ನ ಲಾಂಗ್ ಐಲೆಂಡ್. ಬೆಳಿಗ್ಗೆ ಎದ್ದ 17ರ ಹುಡುಗನಿಗೆ ಕಂಡಿದ್ದು ರಕ್ತದಲ್ಲಿ ಬಿದ್ದಿದ್ದ ಅಪ್ಪ. ಅಮ್ಮ ಕೊಲೆಯಾಗಿದ್ದರು. ಪೊಲೀಸರಿಗೆ ಫೋನ್ ಮಾಡಿದ್ದೂ ಅವನೇ. ಆದರೆ ಹುಡುಗ ಸರಿಯಾಗಿ ಅಳುತ್ತಿಲ್ಲ ಅಂತ ಪೊಲೀಸರಿಗೆ ಅನುಮಾನ ಬಂತು. ಎಡವಟ್ಟು ಶುರುವಾಗುವುದೇ ಇಲ್ಲಿ. ಮುಖಭಾವ ನೋಡಿ ಸುಳ್ಳು ಪತ್ತೆ ಹಚ್ಚುವುದರಲ್ಲಿ ಅನುಭವಿ ಪೊಲೀಸರೂ ಸಾಮಾನ್ಯರಿಗಿಂತ ಹೆಚ್ಚೇನೂ ಮೇಲಲ್ಲ.

ಆಮೇಲೆ ಗಂಟೆಗಟ್ಟಲೆ ವಿಚಾರಣೆ. ಹುಡುಗ ಒಪ್ಪಲಿಲ್ಲ. ಆಗ ಪತ್ತೇದಾರ ಎದ್ದು ಹೋಗಿ ಫೋನಿನಲ್ಲಿ ಮಾತಾಡಿದ ಹಾಗೆ ನಟಿಸಿದ. ವಾಪಸ್ ಬಂದು, ನಿಮ್ಮಪ್ಪನಿಗೆ ಪ್ರಜ್ಞೆ ಬಂದಿದೆ, ಹೊಡೆದದ್ದು ನೀನೇ ಅಂತ ಹೇಳಿದ್ದಾರೆ ಅಂದ. ಹಸಿ ಸುಳ್ಳು. ಅಪ್ಪನಿಗೆ ಪ್ರಜ್ಞೆ ಬರಲೇ ಇಲ್ಲ, ಕೆಲವು ವಾರಗಳ ನಂತರ ತೀರಿಕೊಂಡರು.

ಆ ಹುಡುಗನ ಜಾಗದಲ್ಲಿ ನಿಂತು ಯೋಚಿಸಿ. ಅಪ್ಪ ಸುಳ್ಳು ಹೇಳುವವರಲ್ಲ ಅಂತ ಅವನಿಗೆ ಗೊತ್ತು. ಅಪ್ಪ ಹೇಳಿದ್ದು ನಿಜವಾದರೆ ತಪ್ಪಿರುವುದು ತನ್ನ ನೆನಪೇ ಅಲ್ವಾ? ನನಗೇ ಅರಿವಿಲ್ಲದೆ ಮಾಡಿರಬಹುದಾ ಅನ್ನುವಲ್ಲಿಗೆ ಬಂದುಬಿಟ್ಟ. ಸುಮ್ನೆ ಬಿಟ್ಟರೆ ಸಾಕು ಅಂತ ಒಪ್ಪಿಕೊಳ್ಳುವವರೂ ಇರುತ್ತಾರೆ, ಆದರೆ ಒಳಗೆ ಅವರಿಗೆ ಸತ್ಯ ಗೊತ್ತಿರುತ್ತದೆ. ಇದು ಹಾಗಲ್ಲ. ಇಲ್ಲಿ ಮನುಷ್ಯ ತನ್ನನ್ನೇ ನಂಬುವುದನ್ನು ಬಿಡುತ್ತಾನೆ.

ಸುಳ್ಳು ಸಾಕ್ಷಿಗೆ ಎಷ್ಟು ಬಲವಿದೆ ಅನ್ನುವುದನ್ನು 1996ರಲ್ಲಿ ಕ್ಯಾಸಿನ್ ಮತ್ತು ಕೀಚೆಲ್ ಎಂಬ ಮನಶ್ಶಾಸ್ತ್ರ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು. ವಿದ್ಯಾರ್ಥಿಗಳು ಟೈಪ್ ಮಾಡಬೇಕು, ಒಂದು ಕೀಲಿಯನ್ನು ಮಾತ್ರ ಮುಟ್ಟಬಾರದು. ಯಾರೂ ಮುಟ್ಟದಿದ್ದರೂ ಕಂಪ್ಯೂಟರ್ ಕೆಟ್ಟಿತು, ನೀನೇ ಒತ್ತಿದ್ದು ಅಂತ ಆರೋಪ ಹೊರಿಸಿದರು. ನಿಧಾನವಾಗಿ ಟೈಪ್ ಮಾಡಿದವರಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಿದವರು ಶೇ. 35. ಒತ್ತಿದ್ದನ್ನು ನಾನು ನೋಡಿದೆ ಅಂತ ಪಕ್ಕದಲ್ಲಿದ್ದವರೊಬ್ಬರು ಹೇಳಿದಾಗ ಅದು ಶೇ. 89ಕ್ಕೆ ಏರಿತು. ಕೀಲಿ ಒತ್ತುವುದೂ ಕೊಲೆಯೂ ಒಂದೇ ಅಲ್ಲ, ನಿಜ. ಆದರೆ ಮಾರ್ಟಿಯ ಕೋಣೆಯಲ್ಲಿ ಒತ್ತಡ ಇನ್ನೂ ಜಾಸ್ತಿ ಇತ್ತು, ಸಾಕ್ಷಿ ಅಂತ ಹೇಳಿದ್ದು ಸ್ವಂತ ಅಪ್ಪನನ್ನು.

ತಪ್ಪೊಪ್ಪಿಗೆ ಸುಳ್ಳು ಅಂತ ತಿಳಿಯುವುದು ಹೇಗೆ? ಅದರಲ್ಲಿರುವ ವಿವರಗಳನ್ನು ಸ್ಥಳದ ಜೊತೆ ತಾಳೆ ನೋಡಬೇಕು. ಡಂಬೆಲ್ ಕಂಬಿ ಮತ್ತು ಕಲ್ಲಂಗಡಿ ಕೊಯ್ಯುವ ಚಾಕು ಬಳಸಿದೆ ಅಂತ ಅದರಲ್ಲಿತ್ತು. ಪರೀಕ್ಷೆ ಮಾಡಿದರೆ ಎರಡರಲ್ಲೂ ರಕ್ತದ ಕುರುಹೇ ಇಲ್ಲ. ಆ ಹೇಳಿಕೆ ಬರೆದದ್ದು ಪತ್ತೇದಾರ, ಮಾರ್ಟಿ ಸಹಿಯನ್ನೂ ಹಾಕಿರಲಿಲ್ಲ. ಆದರೂ 1990ರಲ್ಲಿ ಶಿಕ್ಷೆಯಾಯಿತು. ಅವನು ಹೊರಬಂದದ್ದು 2007ರಲ್ಲಿ.

ಅಮೆರಿಕದಲ್ಲಿ ಪೊಲೀಸರು ಹೀಗೆ ಸುಳ್ಳು ಹೇಳಿದ ಮಾತ್ರಕ್ಕೆ ತಪ್ಪೊಪ್ಪಿಗೆ ಬಿದ್ದುಹೋಗುವುದಿಲ್ಲ, 1969ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಅಪ್ರಾಪ್ತರ ವಿಚಾರಣೆಯಲ್ಲಿ ಇಂಥ ಸುಳ್ಳಿಗೆ ಇಲಿನಾಯ್ ರಾಜ್ಯ 2021ರಲ್ಲಿ ತಡೆ ಹಾಕಿತು. ನನಗೆ ಅದು ಸಾಲದು. ಆ ಪ್ರಯೋಗದಲ್ಲಿ ಸಹಿ ಹಾಕಿದವರು ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. ಇಲ್ಲದ ಸಾಕ್ಷಿ ಇದೆ ಅಂತ ಯಾವ ವಯಸ್ಸಿನವರ ಮುಂದೆಯೂ ಹೇಳುವ ಹಾಗಿರಬಾರದು. ವಿಚಾರಣೆಯ ಮೊದಲ ನಿಮಿಷದಿಂದಲೇ ಕ್ಯಾಮೆರಾ ಓಡುತ್ತಿರಬೇಕು.